ಆಪರೇಷನ್ ಹಿಂದಿನ ದಿನದ ಪೋಸ್ಟ್: ಹಾರೈಕೆ ಕೇಳಬೇಕು, ಮನೆಯ ಹಿರಿಯರು ಗಾಬರಿಯಾಗಬಾರದು

ತಂಗಾಳಿ
ಅಣ್ಣನಿಗೆ 46 ವರ್ಷ. ಗುರುವಾರ ಬೆಳಿಗ್ಗೆ ಹಾರ್ಟ್ ವಾಲ್ವ್ ಬದಲಾಯಿಸುವ ಆಪರೇಷನ್, ಎದೆ ತೆರೆದು ಮಾಡುವಂಥದ್ದು. ಬುಧವಾರ ಸಂಜೆ ಒಂದು ಫೋಟೊ ಜೊತೆ ನಾಲ್ಕು ಸಾಲು ಹಾಕಿ ಎಲ್ಲರ ಹಾರೈಕೆ ಕೇಳಬೇಕು ಅಂತ ಅವನಿಗೆ ಆಸೆ. ವಾಟ್ಸಾಪ್ ಸ್ಟೇಟಸ್, ಫೇಸ್‌ಬುಕ್, ಕುಟುಂಬದ ಗುಂಪು, ಮೂರರಲ್ಲೂ ಹಾಕುತ್ತಾನೆ. ಅವನು ಬರೆದಿಟ್ಟಿರುವುದು ಇದು:

"ನಾಳೆ ಜೀವನದ ಅತಿ ದೊಡ್ಡ ಪರೀಕ್ಷೆ. ಉಳಿದದ್ದೆಲ್ಲ ಮೇಲಿನವನ ಕೈಯಲ್ಲಿ. ತಿಳಿದೋ ತಿಳಿಯದೆಯೋ ಯಾರಿಗಾದರೂ ನೋವು ಮಾಡಿದ್ದರೆ ಕ್ಷಮಿಸಿಬಿಡಿ. ನಿಮ್ಮ ಪ್ರಾರ್ಥನೆ ಇರಲಿ 🙏"

ಅಮ್ಮನಿಗೆ (74) ವಿಷಯ ಗೊತ್ತು. ದೊಡ್ಡಪ್ಪನಿಗೆ (83, ಬಿಪಿ ಇದೆ) ಮತ್ತು ಸೋದರತ್ತೆಗೆ (79) ಏನೂ ಹೇಳಿಲ್ಲ. ಇಬ್ಬರೂ ವಾಟ್ಸಾಪ್ ನೋಡುತ್ತಾರೆ. ಇದನ್ನು ಹೇಗೆ ತಿದ್ದುವುದು?

ಕವಿಮನ
ತಂಗಿ, ಇದನ್ನು ಕಳಿಸಿ ನೋಡಿ, ಮನಸ್ಸಿಗೆ ಧೈರ್ಯ ಬರುತ್ತೆ:
"ಕತ್ತಲೆಯ ಹಾದಿಯಲಿ ಹಣತೆಯಾಗಲಿ ಹರಕೆ,
ಬೇಗ ಗುಣವಾಗಿ ಬಾ, ಇದುವೆ ನಮ್ಮ ಬಯಕೆ."
ಕೆಳಗೆ ಎರಡು ಹೂವಿನ ಚಿತ್ರ ಹಾಕಿದರೆ ಚೆನ್ನಾಗಿರುತ್ತೆ.

ಗಿರಿ
ಕವಿಗಳೇ, ಅದು ರೋಗಿಗೆ ಬೇರೆಯವರು ಕಳಿಸುವ ಸಾಲು. ಇಲ್ಲಿ ರೋಗಿಯೇ ಬರೆದು ಹಾಕುವುದು. 🙂

ತಂಗಾಳಿ, ಇಷ್ಟು ತಲೆ ಕೆಡಿಸಿಕೊಳ್ಳುವುದೇ ಬೇಡ. ಸ್ಟೇಟಸ್ ಪ್ರೈವೆಸಿಯಲ್ಲಿ `My contacts except...` ಒತ್ತಿ ದೊಡ್ಡಪ್ಪ, ಅತ್ತೆ ಇಬ್ಬರ ಹೆಸರಿಗೂ ಟಿಕ್ ಹಾಕಿ. ಫೇಸ್‌ಬುಕ್‌ನಲ್ಲೂ `Friends except...` ಇದೆ. ಕುಟುಂಬದ ಗುಂಪಿಗೆ ಹಾಕಬೇಡಿ. ಮುಗೀತು, ಅಣ್ಣ ಏನು ಬೇಕಾದರೂ ಬರೆದುಕೊಳ್ಳಲಿ.

ಶಾರದಾ ಎಂ.
ಗಿರಿ ಹೇಳಿದ ಸೆಟ್ಟಿಂಗ್ ಸರಿಯಾಗಿಯೇ ಇದೆ, ಆದರೆ "ಮುಗೀತು" ಅನ್ನುವ ಹಾಗಿಲ್ಲ. ಒಂದು, ಆ ಟಿಕ್ ಪೋಸ್ಟ್ ಹಾಕುವ ಮೊದಲೇ ಆಗಿರಬೇಕು. ಹಾಕಿದ ಮೇಲೆ ಬದಲಾಯಿಸಿದರೆ ಆಗಲೇ ಹೋದ ಸ್ಟೇಟಸ್‌ಗೆ ಅನ್ವಯಿಸುವುದಿಲ್ಲ. ಎರಡು, ಸ್ಕ್ರೀನ್‌ಶಾಟ್‌ಗೆ ಯಾವ ಸೆಟ್ಟಿಂಗೂ ಇಲ್ಲ. ಇನ್ನೂರು ಜನ ನೋಡುವ ಜಾಗಕ್ಕೆ ಹಾಕಿದ್ದು 83ರ ದೊಡ್ಡಪ್ಪನ ಕಿವಿಗೆ ಬೀಳದೆ ಇರುವುದಿಲ್ಲ. ಬೀಳುವುದು ಮೂರನೆಯವರ ಬಾಯಿಂದ, "ಏನ್ ಸಾರ್, ನಿಮ್ಮ ತಮ್ಮನ ಮಗನಿಗೆ ಹಿಂಗಂತೆ?" ಅಂತ. ಅದಕ್ಕಿಂತ ಕೆಟ್ಟ ರೀತಿ ಬೇರೆ ಇಲ್ಲ. ಮರೆಮಾಡುವ ಸೆಟ್ಟಿಂಗನ್ನು ನಂಬಿ ಗಾಬರಿ ಹುಟ್ಟಿಸುವ ಸಾಲು ಬರೆಯುವುದಕ್ಕಿಂತ, ಹಿರಿಯರೇ ಓದಿದರೂ ಪರವಾಗಿಲ್ಲ ಅನ್ನುವಂತೆ ಬರೆಯುವುದು ಸುಲಭ.

ಈಗ ಅಣ್ಣನ ನಾಲ್ಕು ಸಾಲು. "ಆಪರೇಷನ್" ಅನ್ನುವ ಪದ ಅದರಲ್ಲಿ ಎಲ್ಲೂ ಇಲ್ಲ, ಆದರೂ ಓದಿದರೆ ಎದೆ ಧಸಕ್ ಅನ್ನುತ್ತದೆ. ಯಾಕೆ ಅಂತ ಒಂದೊಂದೇ ನೋಡಿ.

"ದೊಡ್ಡ ಪರೀಕ್ಷೆ" ಅಂದಾಗ ಏನು ಅಂತ ಗೊತ್ತಾಗುವುದಿಲ್ಲ. ಗೊತ್ತಾಗದ ಜಾಗದಲ್ಲಿ ಓದುವವರು ತಮಗೆ ಗೊತ್ತಿರುವ ಅತಿ ಕೆಟ್ಟದ್ದನ್ನು ತುಂಬಿಕೊಳ್ಳುತ್ತಾರೆ. "ಮೇಲಿನವನ ಕೈಯಲ್ಲಿ" ಅನ್ನುವುದು ನಮ್ಮ ಕಡೆ ಡಾಕ್ಟರು ಕೈಚೆಲ್ಲಿದ ಮೇಲೆ ಆಡುವ ಮಾತು. ಅತಿ ಅಪಾಯದ್ದು ಕ್ಷಮೆಯ ಸಾಲು, ಅದು ಬೀಳ್ಕೊಡುಗೆ. ಅಣ್ಣ ವಿನಯದಿಂದ ಬರೆದಿರಬಹುದು, ಓದುವವರಿಗೆ ಅವನು ಹೊರಟು ನಿಂತ ಹಾಗೆ ಕಾಣುತ್ತದೆ. ಕೊನೆಯಲ್ಲಿ "ಪ್ರಾರ್ಥನೆ ಇರಲಿ" ಒಂದೇ ಇದ್ದಿದ್ದರೆ ತೊಂದರೆ ಇರಲಿಲ್ಲ. ಮೇಲಿನ ಮೂರರ ಕೆಳಗೆ ಬಂದಾಗ ಅದೂ ಅದೇ ಬಣ್ಣ ಬಳಿದುಕೊಳ್ಳುತ್ತದೆ.

ವೆಂಕಟಾಚಲ ಮೇಷ್ಟ್ರು
ನಿಮ್ಮ ಪಟ್ಟಿಯಲ್ಲಿರುವ "ಹಿರಿಯರ" ಪೈಕಿಯವನೇ ನಾನು, 77. ಒಂದು ಮಾತು ಹೇಳಲೇ? ನಮಗೆ ಏನನ್ನೂ ತಡೆದುಕೊಳ್ಳಲು ಆಗುವುದಿಲ್ಲ ಅಂದುಕೊಂಡಿದ್ದೀರಿ. ನಮ್ಮ ವಯಸ್ಸಿನವರು ವಾಲ್ವು, ಬೈಪಾಸು, ಸ್ಟೆಂಟು ಎಲ್ಲ ಕೇಳಿ ಕೇಳಿ ಹಳಬರಾಗಿದ್ದೇವೆ. ನಮ್ಮನ್ನು ಹೆದರಿಸುವುದು ಮುಚ್ಚಿಟ್ಟ ಮಾತು. "ಒಂದು ಸಣ್ಣ ಪ್ರೊಸೀಜರ್" ಅಂತ ಬರೆದು ಆಮೇಲೆ ಐಸಿಯುನಲ್ಲಿದ್ದಾನೆ ಅಂತ ತಿಳಿದರೆ ಮುಂದೆ ನೀವು ಹೇಳುವ "ಚೆನ್ನಾಗಿದ್ದಾನೆ"ಯನ್ನೂ ನಂಬುವುದಿಲ್ಲ. ಪೋಸ್ಟ್‌ನಲ್ಲೇ ವಾಲ್ವ್ ಆಪರೇಷನ್ ಅಂತ ನೇರವಾಗಿ ಬರೆಯಿರಿ.

ಶಾರದಾ ಎಂ.
ಮೇಷ್ಟ್ರೇ, ಒಪ್ಪಿದೆ, ಒಂದು ಸಣ್ಣ ತಿದ್ದುಪಡಿಯೊಡನೆ. ಹಿರಿಯರಿಗೆ ನಿಜ ಹೇಳಬೇಕು, ಆದರೆ ಪೋಸ್ಟ್ ಮೂಲಕ ಅಲ್ಲ. ಪೋಸ್ಟ್ ಓದಿದವರಿಗೆ ಆ ಕ್ಷಣ ಪ್ರಶ್ನೆ ಕೇಳಲು ಯಾರೂ ಎದುರಿಗಿರುವುದಿಲ್ಲ. ಫೋನಿನಲ್ಲಿ ದನಿ ಕೇಳಿಸುತ್ತದೆ, ತಿರುಗಿ ಕೇಳಬಹುದು. ಹಾಗಾಗಿ ಕ್ರಮ ಹೀಗಿರಲಿ: ಸೋಮವಾರ ಅಥವಾ ಮಂಗಳವಾರ ಹಗಲು ಹೊತ್ತಿನಲ್ಲಿ ದೊಡ್ಡಪ್ಪನಿಗೆ, ಅತ್ತೆಗೆ ಫೋನ್. ಬುಧವಾರ ಸಂಜೆ ಪೋಸ್ಟ್. ಆಗ ಅವರಿಗೆ ಅದು ಸುದ್ದಿಯಾಗಿರುವುದಿಲ್ಲ, ಗೊತ್ತಿರುವ ವಿಷಯದ ನೆನಪಾಗಿರುತ್ತದೆ. ರಾತ್ರಿ ಫೋನ್ ಮಾಡಬೇಡಿ, ಇಡೀ ರಾತ್ರಿ ಅದನ್ನೇ ಮಗ್ಗುಲು ಬದಲಾಯಿಸಿಕೊಂಡು ಯೋಚಿಸುತ್ತಾರೆ.

ಪಲ್ಲವಿ ಎಚ್.
ನನಗೂ ಮುಂದಿನ ವಾರ ಪಿತ್ತಕೋಶದ ಆಪರೇಷನ್ ಇದೆ, ಲ್ಯಾಪ್ರೋಸ್ಕೋಪಿ. ನಾನೂ ಹೀಗೇ ಹಾಕಬೇಕಾ? ಅತ್ತೆ ಮಾವನಿಗೆ ಹೇಳಿಲ್ಲ.

ಶಾರದಾ ಎಂ.
ಪಲ್ಲವಿ, ನಿಮ್ಮದರಲ್ಲಿ ತೊಡಕಿಲ್ಲದಿದ್ದರೆ ಸಾಮಾನ್ಯವಾಗಿ ಮರುದಿನ ಮನೆಗೆ ಕಳಿಸುತ್ತಾರೆ. ಹಿಂದಿನ ದಿನ ಪೋಸ್ಟ್ ಹಾಕಿದರೆ ವಿಷಯ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಮನೆಗೆ ಬಂದ ಮೇಲೆ "ಆಯಿತು, ಚೆನ್ನಾಗಿದ್ದೇನೆ" ಅಂತ ಹಾಕಿದರೆ ಸಾಕು. ಅತ್ತೆ ಮಾವನಿಗೆ ಮಾತ್ರ ಮುಂಚೆ ಬಾಯಲ್ಲಿ ಹೇಳಿಬಿಡಿ, ಒಂದೇ ಮನೆಯಲ್ಲಿದ್ದರಂತೂ ಹೇಗೂ ಗೊತ್ತಾಗುತ್ತದೆ.

ತಂಗಾಳಿ
ಎಲ್ಲರಿಗೂ ಥ್ಯಾಂಕ್ಸ್. ಅಣ್ಣನ ಜೊತೆ ಕೂತು ಹೊಸದಾಗಿ ಬರೆದೆ, ನೋಡಿ ಹೇಳಿ:

"ನಮಸ್ಕಾರ. ನಾಳೆ ಬೆಳಿಗ್ಗೆ 8 ಗಂಟೆಗೆ ನನ್ನ ಓಪನ್ ಹಾರ್ಟ್ ಸರ್ಜರಿ. ಸುಮಾರು 4 ಗಂಟೆ ಹಿಡಿಯುತ್ತದೆ, 12ಕ್ಕೆ ಮುಗಿಯುತ್ತದೆ. ಭಯಪಡುವಂಥದ್ದೇನಿಲ್ಲ, ಯಾರೂ ಗಾಬರಿಯಾಗಬೇಡಿ. ನಿಮ್ಮೆಲ್ಲರ ಆಶೀರ್ವಾದ ಬೇಕು."

ಶಾರದಾ ಎಂ.
ಬಹಳ ಸುಧಾರಿಸಿದೆ. ಕ್ಷಮೆ ಹೋಯಿತು, ಮೇಲಿನವನೂ ಹೋದ. ಉಳಿದಿರುವುದರಲ್ಲಿ ಗಡಿಯಾರವೇ ದೊಡ್ಡ ತೊಂದರೆ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

8 ಗಂಟೆ ಅಂದರೆ ಸಾಮಾನ್ಯವಾಗಿ ರೋಗಿಯನ್ನು ವಾರ್ಡಿನಿಂದ ಥಿಯೇಟರ್ ಕಡೆ ಕರೆದುಕೊಂಡು ಹೋಗುವ ಹೊತ್ತು. ಒಳಗೆ ಹೋದ ಮೇಲೆ ಕೈಗೆ, ಕುತ್ತಿಗೆಗೆ ಸೂಜಿ ಕೊಳವೆ ಹಾಕುತ್ತಾರೆ, ಅರಿವಳಿಕೆ ಕೊಡುತ್ತಾರೆ, ಮಾನಿಟರ್ ಜೋಡಿಸುತ್ತಾರೆ. ಹಾರ್ಟ್ ಕೇಸಿನಲ್ಲಿ ಇದಕ್ಕೇ ಒಂದು ಗಂಟೆ ಆಚೀಚೆ ಹೋಗುತ್ತದೆ. ಡಾಕ್ಟರು ನಾಲ್ಕು ಗಂಟೆ ಅಂದದ್ದು ಅದಾದ ಮೇಲಿನದ್ದು. ಮುಗಿದ ಮೇಲೂ ತಕ್ಷಣ ಹೊರಗೆ ತರುವುದಿಲ್ಲ, ರಕ್ತಸ್ರಾವ, ಬಿಪಿ ನೋಡಿಕೊಂಡು ನೇರ ಐಸಿಯುಗೆ ಸಾಗಿಸಿ, ಅಲ್ಲಿ ಒಂದು ಹಂತಕ್ಕೆ ತಂದ ಮೇಲೆ ಮನೆಯವರನ್ನು ಕರೆಯುತ್ತಾರೆ. ಅಂದರೆ ಎಲ್ಲ ಸುಸೂತ್ರವಾಗಿ ನಡೆದರೂ ನಿಮ್ಮ ಕೈಗೆ ಸುದ್ದಿ ಸಿಗುವುದು ಮಧ್ಯಾಹ್ನ ಎರಡು, ಮೂರರ ಮೇಲೆ. ಮುಂಚಿನ ಕೇಸು ತಡವಾಗಬಹುದು, ತುರ್ತು ಕೇಸು ಬಂದರೆ ನಿಮ್ಮದು ಮುಂದಕ್ಕೆ ಹೋಗಬಹುದು, ರಾತ್ರಿ ಜ್ವರ ಬಂದರೆ ಅವತ್ತಿಗೆ ರದ್ದೇ ಆಗಬಹುದು.

ನೀವು "12ಕ್ಕೆ ಮುಗಿಯುತ್ತದೆ" ಅಂತ ಬರೆದರೆ ದೊಡ್ಡಪ್ಪ 12ಕ್ಕೆ ಫೋನ್ ಹಿಡಿದು ಕೂರುತ್ತಾರೆ. 12:30ಕ್ಕೆ ಸುದ್ದಿ ಇಲ್ಲ, 1ಕ್ಕೆ ಇಲ್ಲ. ಅಲ್ಲಿ ಎಲ್ಲ ಸರಿಯಾಗಿಯೇ ಇರುತ್ತದೆ, ಇಲ್ಲಿ ಅವರ ಬಿಪಿ ಏರುತ್ತಿರುತ್ತದೆ. ಹಾಗಾಗಿ ಶುರುವಾಗುವ ಹೊತ್ತು, ಮುಗಿಯುವ ಹೊತ್ತು ಎರಡನ್ನೂ ಬಿಟ್ಟು, ಸುದ್ದಿ ತಲುಪುವ ಹೊತ್ತು ಒಂದನ್ನೇ ಬರೆಯಿರಿ. ಅದನ್ನೂ ಧಾರಾಳವಾಗಿ ಹಿಡಿಯಿರಿ: "ಸಂಜೆ 6ರೊಳಗೆ ತಂಗಿ ಇಲ್ಲೇ ತಿಳಿಸುತ್ತಾಳೆ." ಮೂರಕ್ಕೇ ಹೇಳಿದರೆ ಎಲ್ಲರಿಗೂ ಖುಷಿ.

ಇನ್ನೊಂದು, "ಭಯಪಡುವಂಥದ್ದೇನಿಲ್ಲ, ಗಾಬರಿಯಾಗಬೇಡಿ" ತೆಗೆಯಿರಿ. ಭಯವಿಲ್ಲದ ಕಡೆ ಭಯದ ಮಾತೇ ಬರಬಾರದು. ಅದರ ಬದಲು ಸಮಾಧಾನ ಕೊಡುವ ಒಂದು ನಿಜ ಸಂಗತಿ ಇಡಿ. ಮೊದಲೇ ದಿನ ಗೊತ್ತುಮಾಡಿದ ಆಪರೇಷನ್ನಾ, ತುರ್ತಿನದಾ?

ತಂಗಾಳಿ
ಎರಡು ತಿಂಗಳ ಹಿಂದೆಯೇ ಗೊತ್ತಾದದ್ದು. ಪರೀಕ್ಷೆಗಳೆಲ್ಲ ಮುಗಿದಿವೆ, ಹಲ್ಲಿನ ಡಾಕ್ಟರ ಹತ್ತಿರವೂ ಕಳಿಸಿದ್ದರು.

ಶಾರದಾ ಎಂ.
ಹಾಗಾದರೆ ಅದನ್ನೇ ಹೇಳಿ. "ಎರಡು ತಿಂಗಳ ಹಿಂದೆಯೇ ಗೊತ್ತುಮಾಡಿದ್ದು, ಪರೀಕ್ಷೆಗಳೆಲ್ಲ ಮುಗಿದಿವೆ" ಅಂದರೆ ಹತ್ತು "ಗಾಬರಿಯಾಗಬೇಡಿ" ಮಾಡದ ಕೆಲಸವನ್ನು ಅದು ಮಾಡುತ್ತದೆ. ಏಕಾಏಕಿ ಬಂದದ್ದಲ್ಲ ಅಂತ ತಾನಾಗಿಯೇ ಗೊತ್ತಾಗುತ್ತದೆ.

ವೆಂಕಟಾಚಲ ಮೇಷ್ಟ್ರು
"ಓಪನ್ ಹಾರ್ಟ್ ಸರ್ಜರಿ" ಬದಲು "ಹೃದಯದ ವಾಲ್ವ್ ಬದಲಾಯಿಸುವ ಆಪರೇಷನ್" ಅನ್ನಿ. ಎರಡೂ ನಿಜವೇ. ಒಂದರಲ್ಲಿ ಎದೆ ತೆರೆಯುವುದು ಕಾಣುತ್ತದೆ, ಇನ್ನೊಂದರಲ್ಲಿ ಕೆಟ್ಟದ್ದನ್ನು ಸರಿಪಡಿಸುವುದು ಕಾಣುತ್ತದೆ.

ಗಿರಿ
ಹೃದಯ ಅನ್ನುವುದನ್ನೇ ಬಿಟ್ಟರೆ? ಫೇಸ್‌ಬುಕ್‌ನಲ್ಲಿ ಆಫೀಸಿನವರು, ಇನ್ಶೂರೆನ್ಸ್ ಏಜೆಂಟ್ ಎಲ್ಲ ಇರುತ್ತಾರೆ. ಯಾವ ಅಂಗ ಅಂತ ಊರಿಗೆಲ್ಲ ಯಾಕೆ? "ಮೊದಲೇ ಗೊತ್ತುಮಾಡಿದ ಒಂದು ಆಪರೇಷನ್" ಸಾಕಲ್ಲ?

ವೆಂಕಟಾಚಲ ಮೇಷ್ಟ್ರು
ಆಗ ಕೆಳಗೆ ನಲವತ್ತು ಜನ "ಏನಾಯ್ತು? ಯಾವ ಆಪರೇಷನ್?" ಅಂತ ಬರೆಯುತ್ತಾರೆ. ಅದನ್ನು ಓದಿ ಉಳಿದವರೂ ಗಾಬರಿ.

ಗಿರಿ
ಅದಕ್ಕೆ ಕಾಮೆಂಟ್ ಮುಚ್ಚಬಹುದು.

ಶಾರದಾ ಎಂ.
ಹಾರೈಕೆ ಕೇಳಿ ಕಾಮೆಂಟ್ ಮುಚ್ಚಿದರೆ ಹಾರೈಸುವುದೆಲ್ಲಿ ಗಿರಿ? 😄 ಆದರೆ ನಿಮ್ಮ ಮಾತಿನಲ್ಲಿ ಹುರುಳಿದೆ. ನನ್ನ ಅಭಿಪ್ರಾಯ: ಕುಟುಂಬದ ಗುಂಪಿಗೆ ವಾಲ್ವ್ ಅಂತ ಬರೆಯಿರಿ, ಅಲ್ಲಿ ಮುಚ್ಚುಮರೆ ಕೆಲಸಕ್ಕೆ ಬಾರದು. ಫೇಸ್‌ಬುಕ್‌ಗೆ ಬರೆಯಬೇಕಾ ಬೇಡವಾ ಅನ್ನುವುದು ಅಣ್ಣನಿಗೇ ಬಿಟ್ಟದ್ದು, ದೇಹ ಅವರದು. ಎರಡು ಕಡೆಗೂ ಒಂದೇ ಬರಹ ಇರಬೇಕು ಅಂತೇನಿಲ್ಲ.

ಕಾಮೆಂಟಿನ ವಿಷಯಕ್ಕೆ ಒಂದು ಉಪಾಯ. ಪೋಸ್ಟ್ ಹಾಕಿದ ಒಂದೆರಡು ನಿಮಿಷದಲ್ಲೇ ಮನೆಯವರೊಬ್ಬರು ಮೊದಲ ಕಾಮೆಂಟ್ ಬರೆಯಲಿ: "ಒಳ್ಳೆಯದಾಗಲಿ ಅಣ್ಣ. ನಾಳೆ ಸಂಜೆ ನಾನೇ ಎಲ್ಲರಿಗೂ ತಿಳಿಸುತ್ತೇನೆ." ಮೊದಲ ಕಾಮೆಂಟ್ "ಅಯ್ಯೋ ಏನಾಯ್ತು" ಅಂತಿದ್ದರೆ ಕೆಳಗಿನವೆಲ್ಲ ಅದೇ ರಾಗ ಹಾಡುತ್ತವೆ. ಮೊದಲನೆಯದು ಸಮಾಧಾನದ್ದಾದರೆ ಹೆಚ್ಚಿನವರು ಅದನ್ನೇ ಹಿಡಿಯುತ್ತಾರೆ.

ಪಲ್ಲವಿ ಎಚ್.
ರಕ್ತದಾನಿಗಳು ಬೇಕಾಗಿದ್ದರೆ ಅದನ್ನೂ ಇದರಲ್ಲೇ ಸೇರಿಸಬಹುದಾ?

ಶಾರದಾ ಎಂ.
ಬೇಡವೇ ಬೇಡ. ಹಾರೈಕೆಯ ಪೋಸ್ಟ್‌ನಲ್ಲಿ "O ನೆಗೆಟಿವ್ ಬೇಕಾಗಿದೆ" ಅಂತ ಕಂಡರೆ ಅದು ತುರ್ತು ಕರೆ ಆಗಿಬಿಡುತ್ತದೆ. ರಕ್ತದ ವ್ಯವಸ್ಥೆ ಆಸ್ಪತ್ರೆ ಹೇಳಿದ ಹಾಗೆ ದಿನಗಳ ಮುಂಚೆಯೇ, ಬೇರೆ ಸಂದೇಶದಲ್ಲಿ, ಕೊಡಬಲ್ಲವರಿಗೆ ಮಾತ್ರ ಹೋಗಬೇಕು.

ಕವಿಮನ
ಪ್ರಶ್ನೆ ತಪ್ಪಾಗಿ ಓದಿದ್ದೆ. ಫೋಟೊ ಯಾವುದು ಹಾಕುತ್ತೀರಿ? ಆಸ್ಪತ್ರೆ ಮಂಚದ ಮೇಲೆ ಹೆಬ್ಬೆರಳು ಎತ್ತಿ ನಗುವ ಫೋಟೊ ಧೈರ್ಯ ಕೊಡುತ್ತದೆ ಅನ್ನಿಸುತ್ತೆ.

ಶಾರದಾ ಎಂ.
ಸ್ನೇಹಿತರಿಗೆ ಕೊಡಬಹುದು, ಹಿರಿಯರಿಗೆ ಕೊಡುವುದಿಲ್ಲ. ಅವರ ಕಣ್ಣು ಹೆಬ್ಬೆರಳ ಮೇಲೆ ನಿಲ್ಲದೆ ಮುಂಗೈಗೆ ಚುಚ್ಚಿದ ಸೂಜಿ, ಹಸಿರು ಗೌನು, ಪಕ್ಕದ ಡ್ರಿಪ್ ಸ್ಟ್ಯಾಂಡ್ ಕಡೆಗೇ ಹೋಗುತ್ತದೆ. ಮಣಿಕಟ್ಟಿನ ಪಟ್ಟಿಯಲ್ಲಿ ಹೆಸರು, ಆಸ್ಪತ್ರೆ ನಂಬರ್, ಬಾರ್‌ಕೋಡ್ ಎಲ್ಲ ಇರುತ್ತದೆ, ಅದು ಹೊರಗೆ ಹೋಗುವುದೂ ಒಳ್ಳೆಯದಲ್ಲ. ಒಬ್ಬರೇ ಇರುವ ಕಪ್ಪು ಬಿಳುಪು ಫೋಟೊ ಅಂತೂ ಯಾವ ಕಾರಣಕ್ಕೂ ಬೇಡ, ಕೆಳಗಿನ ಸಾಲು ಓದುವ ಮೊದಲೇ ನೋಡಿದವರು ತಪ್ಪು ತಿಳಿಯುತ್ತಾರೆ. ಮನೆಯ ಬಟ್ಟೆಯಲ್ಲಿ, ಹಗಲು ಬೆಳಕಿನಲ್ಲಿ, ಮನೆಯವರ ಜೊತೆ ನಿಂತಿರುವ ಇತ್ತೀಚಿನ ಬಣ್ಣದ ಫೋಟೊ ಸಾಕು. ಆಸ್ಪತ್ರೆಗೆ ಹೊರಡುವ ಮುಂಚೆಯೇ ತೆಗೆದಿಟ್ಟುಕೊಳ್ಳಿ.

ತಂಗಾಳಿ
ಎಷ್ಟು ಹೊತ್ತಿಗೆ ಹಾಕುವುದು? ರಾತ್ರಿ ಮಲಗುವ ಮುಂಚೆ ಹಾಕುತ್ತೇನೆ ಅಂತಿದ್ದಾನೆ.

ಗಿರಿ
ಇದಕ್ಕೆ ನನ್ನ ಹತ್ತಿರ ಲೆಕ್ಕ ಇದೆ. ಸ್ಟೇಟಸ್ ಇರುವುದು 24 ಗಂಟೆ. ಬುಧವಾರ ಸಂಜೆ 5ಕ್ಕೆ ಹಾಕಿದರೆ ಗುರುವಾರ ಸಂಜೆ 5ಕ್ಕೆ ಮಾಯ. ನೀವು ಹೇಳಿದ್ದು 6ರೊಳಗೆ ಸುದ್ದಿ ಅಂತ. ಆ ಮಧ್ಯದ ಹೊತ್ತಿನಲ್ಲಿ ಯಾರಾದರೂ ಹುಡುಕಿದರೆ ಸ್ಟೇಟಸ್ಸೇ ಇರುವುದಿಲ್ಲ, "ಯಾಕೆ ತೆಗೆದರು?" ಅಂತ ಶುರುವಾಗುತ್ತೆ. ಬುಧವಾರ 7ಕ್ಕೆ ಹಾಕಿ, ಹಳೆಯದು ಹೋಗುವ ಮೊದಲೇ ಹೊಸದು ಬಂದಿರುತ್ತದೆ.

ಶಾರದಾ ಎಂ.
ಭೇಷ್, ಇದು ನನಗೆ ಹೊಳೆದಿರಲಿಲ್ಲ. 7 ಸರಿಯಾದ ಹೊತ್ತು. ಇನ್ನೂ ತಡವಾದರೆ ಬೇರೆ ತೊಂದರೆ ಇದೆ. ಹಿಂದಿನ ರಾತ್ರಿ ನಿದ್ರೆಗೆ, ಆತಂಕ ಕಡಿಮೆ ಮಾಡಲು ಮಾತ್ರೆ ಕೊಡುವುದುಂಟು. ಅದಾದ ಮೇಲೆ ಬರೆಯಬಾರದು, ಭಾವುಕತೆ ಉಕ್ಕಿ ಆ ಕ್ಷಮೆಯ ಸಾಲು ಮತ್ತೆ ನುಸುಳಿಬಿಡುತ್ತದೆ. ಬೆಳಿಗ್ಗೆ ಫೋನ್, ಉಂಗುರ, ವಾಚು ಎಲ್ಲ ಮನೆಯವರ ಕೈಗೆ ಕೊಡಬೇಕು. ಅಣ್ಣನ ಫೋನಿಗೆ ಬರುವ ಕರೆ, ಸ್ಟೇಟಸ್ಸಿಗೆ ಬರುವ ಉತ್ತರ ಯಾವುದನ್ನೂ ಅವರು ನೋಡುವುದಿಲ್ಲ. "ಫೋನ್ ತೆಗೀತಿಲ್ಲ" ಅನ್ನುವುದೇ ಮತ್ತೊಂದು ಗಾಬರಿ. ಆದ್ದರಿಂದ ಫೋನ್ ನನ್ನ ಹತ್ತಿರ ಇರುವುದಿಲ್ಲ ಅಂತ ಪೋಸ್ಟ್‌ನಲ್ಲೇ ಬರೆಯಿರಿ.

ತಂಗಾಳಿ
ಸರಿ, ಗುಂಪಿಗೆ ಹಾಕುವುದು ಈಗ ಹೀಗಿದೆ:

"ಎಲ್ಲರಿಗೂ ನಮಸ್ಕಾರ. ನಾಳೆ ನನ್ನ ಹೃದಯದ ವಾಲ್ವ್ ಬದಲಾಯಿಸುವ ಆಪರೇಷನ್ ಇದೆ. ಎರಡು ತಿಂಗಳ ಹಿಂದೆಯೇ ಗೊತ್ತುಮಾಡಿದ್ದು, ಪರೀಕ್ಷೆಗಳೆಲ್ಲ ಮುಗಿದಿವೆ, ನಾನು ಆರಾಮಾಗಿದ್ದೇನೆ. ನಾಳೆ ಫೋನ್ ನನ್ನ ಹತ್ತಿರ ಇರುವುದಿಲ್ಲ. ಸಂಜೆ 6ರೊಳಗೆ ತಂಗಿ ಇಲ್ಲೇ ತಿಳಿಸುತ್ತಾಳೆ. ಹಿರಿಯರು ಹರಸಿ, ಉಳಿದವರು ಹಾರೈಸಿ. ಮನೆಗೆ ಬಂದ ಮೇಲೆ ಎಲ್ಲರ ಹತ್ತಿರ ಮಾತಾಡುತ್ತೇನೆ."

ವೆಂಕಟಾಚಲ ಮೇಷ್ಟ್ರು
ಬಹಳ ಚೆನ್ನಾಗಿದೆ. ಕೊನೆಯ ಸಾಲು ನನಗೆ ಇಷ್ಟವಾಯಿತು. ಮನೆಗೆ ಬರುವ ಮಾತು ಅವನ ಬಾಯಿಂದಲೇ ಬಂದಿದೆ.

ಶಾರದಾ ಎಂ.
ಇದನ್ನೇ ಹಾಕಿ. ಇನ್ನು ಗುರುವಾರದ ಸಂದೇಶ. ಅದನ್ನು ಆಸ್ಪತ್ರೆ ಕಾರಿಡಾರಿನಲ್ಲಿ ನಿಂತು ಬರೆಯಬೇಡಿ, ಇವತ್ತೇ ಬರೆದಿಟ್ಟುಕೊಳ್ಳಿ. ವಾಲ್ವ್ ಆಪರೇಷನ್ ಆದ ಮೇಲೆ ಐಸಿಯು ಎಲ್ಲರಿಗೂ ಇದ್ದದ್ದೇ, ಸಾಮಾನ್ಯವಾಗಿ ಒಂದೆರಡು ದಿನ. ಮೊದಲ ಕೆಲವು ಗಂಟೆ ಬಾಯಲ್ಲಿ ಉಸಿರಾಟದ ಕೊಳವೆ ಇರುತ್ತದೆ, ಮಾತಾಡಲು ಆಗುವುದಿಲ್ಲ. ಇದು ಗೊತ್ತಿಲ್ಲದವರು "ಐಸಿಯುನಲ್ಲಿದ್ದಾನೆ, ಮಾತಾಡುತ್ತಿಲ್ಲವಂತೆ" ಅಂತ ಕೇಳಿದರೆ ಕಥೆ ಮುಗಿಯಿತು ಅಂದುಕೊಳ್ಳುತ್ತಾರೆ. ದೊಡ್ಡಪ್ಪನಿಗೆ ಮಾಡುವ ಫೋನಿನಲ್ಲೇ ಇದನ್ನು ಹೇಳಿಬಿಡಿ: "ಎರಡು ದಿನ ಐಸಿಯುನಲ್ಲಿ ಇಟ್ಟುಕೊಳ್ತಾರೆ ದೊಡ್ಡಪ್ಪ, ಈ ಆಪರೇಷನ್ ಆದವರಿಗೆಲ್ಲ ಹಾಗೇ."

ಸಂದೇಶ: "ಆಪರೇಷನ್ ಮುಗಿಯಿತು. ಮೊದಲೇ ಹೇಳಿದಂತೆ ಐಸಿಯುನಲ್ಲಿ ಇಟ್ಟಿದ್ದಾರೆ. ಮುಂದಿನ ವಿಷಯ ನಾಳೆ ಬೆಳಿಗ್ಗೆ ತಿಳಿಸುತ್ತೇನೆ." ಡಾಕ್ಟರು ನಿಮ್ಮ ಹತ್ತಿರ ಮಾತಾಡಿದ ಮೇಲಷ್ಟೇ ಕಳಿಸಿ. ಅವರು "ಸಕ್ಸಸ್" ಅನ್ನದಿದ್ದರೆ ನೀವೂ ಆ ಪದ ಸೇರಿಸಬೇಡಿ. ಮುಂದಕ್ಕೆ ಹೋದರೆ ಇದು: "ಇವತ್ತಿನ ಆಪರೇಷನ್ ಬೇರೆ ದಿನಕ್ಕೆ ಹಾಕಿದ್ದಾರೆ. ಅಣ್ಣ ಆರಾಮಾಗಿದ್ದಾನೆ. ಹೊಸ ದಿನ ಗೊತ್ತಾದಾಗ ಹೇಳುತ್ತೇನೆ." 6 ಗಂಟೆಯಾದರೂ ಡಾಕ್ಟರು ಹೊರಗೆ ಬರದಿದ್ದರೆ ಸುಮ್ಮನಿರಬೇಡಿ, "ಇನ್ನೂ ಒಳಗಿದ್ದಾರೆ, 8ಕ್ಕೆ ಮತ್ತೆ ಬರೆಯುತ್ತೇನೆ" ಅಂತ ಹಾಕಿ. ಹೇಳಿದ ಹೊತ್ತಿಗೆ ಏನೋ ಒಂದು ಬರಬೇಕು.

ತಂಗಾಳಿ
ಮೂರನ್ನೂ ನೋಟ್ಸ್‌ನಲ್ಲಿ ಬರೆದಿಟ್ಟುಕೊಂಡೆ. ಒಂದು ವಿಷಯದಲ್ಲಿ ಮನೆಯಲ್ಲಿ ಇನ್ನೂ ಒಮ್ಮತ ಇಲ್ಲ. ದೊಡ್ಡಪ್ಪನಿಗೆ ಅಣ್ಣನೇ ಫೋನ್ ಮಾಡಬೇಕಾ, ನಾನು ಮಾಡಬೇಕಾ? ಅಮ್ಮ ನೀನೇ ಮಾಡು ಅಂತಾರೆ. ಅವನ ದನಿ ಕೇಳಿದರೆ ದೊಡ್ಡಪ್ಪ ಅತ್ತುಬಿಡುತ್ತಾರೆ ಅಂತ.

ವೆಂಕಟಾಚಲ ಮೇಷ್ಟ್ರು
ಅಳಲಿ ಬಿಡಮ್ಮಾ. ಅವನೇ ಮಾಡಲಿ. ಬೇರೆಯವರು ಹೇಳಿದರೆ "ಅವನಿಗೆ ಮಾತಾಡಲೂ ಆಗುತ್ತಿಲ್ಲವೇ" ಅನ್ನಿಸುತ್ತದೆ.

ಶಾರದಾ ಎಂ.
ನಾನಾದರೆ ಎರಡೂ ಮಾಡಿಸುತ್ತಿದ್ದೆ. ಮೊದಲು ನೀವು ವಿಷಯ ಹೇಳಿ, ಅವರ ಪ್ರಶ್ನೆಗಳಿಗೆ ಉತ್ತರಿಸಿ, ಆಮೇಲೆ ಅದೇ ಕರೆಯಲ್ಲಿ ಫೋನ್ ಅಣ್ಣನ ಕೈಗೆ ಕೊಡಿ. ದೊಡ್ಡಪ್ಪ ಒಬ್ಬರೇ ಇದ್ದಾಗ ಬೇಡ, ಪಕ್ಕದಲ್ಲಿ ಯಾರಾದರೂ ಇದ್ದಾರೆಯೇ ಅಂತ ಕೇಳಿಕೊಂಡೇ ಶುರುಮಾಡಿ. ಬಿಪಿ ಮಾತ್ರೆ ತೆಗೆದುಕೊಂಡಾಯಿತಾ ಅಂತಲೂ ವಿಚಾರಿಸಿ.

ಗಿರಿ
ಫೇಸ್‌ಬುಕ್‌ನಲ್ಲಿ ಬೇರೆಯವರು ಅಣ್ಣನನ್ನು ಟ್ಯಾಗ್ ಮಾಡಿ "ಪ್ರೇ ಫಾರ್ ಮೈ ಫ್ರೆಂಡ್" ಅಂತ ಹಾಕುವ ಸಾಧ್ಯತೆಯೂ ಇದೆ. ಟ್ಯಾಗ್ ಆದ ಪೋಸ್ಟ್‌ಗಳನ್ನು ಮೊದಲು ನೋಡಿ ಒಪ್ಪುವ ಟೈಮ್‌ಲೈನ್ ರಿವ್ಯೂ ಆನ್ ಮಾಡಿಡಿ, ಒಪ್ಪಿಗೆ ಕೊಡದೆ ಅವರ ಟೈಮ್‌ಲೈನಿಗೆ ಬರುವುದಿಲ್ಲ. ಬರೆದ ಆ ಸ್ನೇಹಿತನ ಗೋಡೆಯ ಮೇಲೆ ಮಾತ್ರ ಇದ್ದೇ ಇರುತ್ತೆ, ಅದಕ್ಕೆ ಅವನಿಗೇ ಫೋನ್ ಮಾಡಿ ಹೇಳಬೇಕು.